ಪಿಕಲ್‌ಬಾಲ್‌ನ ಕಿಚನ್: ಒಳಗೆ ಕಾಲಿಡಬಹುದು, ಅಲ್ಲಿಂದ ವಾಲಿ ಹೊಡೆಯುವ ಹಾಗಿಲ್ಲ

ಎದುರಾಳಿ ಹೊಡೆದ ಚೆಂಡು ಮೆಲ್ಲಗೆ ತೇಲಿಕೊಂಡು ನಿಮ್ಮ ಭುಜದ ಎತ್ತರಕ್ಕೆ ಬರುತ್ತದೆ. ನೀವು ನೆಟ್‌ನ ಮುಂದಿರುವ ಕಿಚನ್ ಎಂಬ ಜಾಗದ ಲೈನ್‌ನಿಂದ ಅರ್ಧ ಅಡಿ ಹಿಂದೆ ಸರಿಯಾಗಿಯೇ ನಿಂತಿದ್ದೀರಿ. ಚೆಂಡು ಪುಟಿಯುವ ಮೊದಲೇ ಪೂರ್ತಿ ಜೋರಿನಿಂದ ಹೊಡೆಯುತ್ತೀರಿ. ಅದು ಎದುರಾಳಿಯ ಕಾಲ ಬಳಿ ಬಿದ್ದು, ಪುಟಿದು, ಇನ್ನೊಮ್ಮೆ ಪುಟಿದು ಕೋರ್ಟಿನ ಆಚೆ ಉರುಳುತ್ತದೆ. ಪಾಯಿಂಟ್ ನಿಮ್ಮದೇ, ಅಲ್ವಾ? ಆದರೆ ಹೊಡೆದ ರಭಸಕ್ಕೆ ನೀವು ಒಂದು ಸಣ್ಣ ಹೆಜ್ಜೆ ಮುಂದೆ ಹೋಗಿದ್ದೀರಿ, ಬಲಗಾಲಿನ ಬೆರಳು ಲೈನ್ ಮೇಲೆ ಬಿದ್ದಿದೆ. ಆ ಕಡೆಯಿಂದ "ಕಿಚನ್!" ಎಂದು ಕೂಗು. ಪಾಯಿಂಟ್ ಅವರ ಪಾಲಾಯಿತು.

ಹೊಸದಾಗಿ ಆಡುವವರಿಗೆ ಇದು ಅನ್ಯಾಯ ಅನಿಸುತ್ತದೆ. ಚೆಂಡಿಗೆ ಪ್ಯಾಡಲ್ ತಾಗಿದಾಗ ಕಾಲು ಹೊರಗೇ ಇತ್ತು. ಲೈನ್ ಮುಟ್ಟುವಷ್ಟರಲ್ಲಿ ರ‍್ಯಾಲಿಯೇ ಮುಗಿದಿತ್ತು. ಮತ್ತೆ ಯಾಕೆ ಫಾಲ್ಟ್? ಇದಕ್ಕೆ ಉತ್ತರ ಸಿಕ್ಕರೆ ಕಿಚನ್ ನಿಯಮದ ಬೇರೆಲ್ಲ ತುಂಡುಗಳೂ ತಾವಾಗಿಯೇ ಜಾಗಕ್ಕೆ ಕೂರುತ್ತವೆ. ಬಾಯಿಪಾಠ ಮಾಡುವುದೇ ಬೇಕಾಗುವುದಿಲ್ಲ.

ಮೊದಲು ಅಳತೆ ನೋಡೋಣ. ಪಿಕಲ್‌ಬಾಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ. ನೆಟ್ ಎರಡೂ ಬದಿಯ ಲೈನ್‌ಗಳ ಹತ್ತಿರ 36 ಇಂಚು ಎತ್ತರ, ನಡುವೆ 34 ಇಂಚು. ನೆಟ್‌ನಿಂದ ಎರಡೂ ಕಡೆಗೆ 7 ಅಡಿಯವರೆಗಿನ ಜಾಗಕ್ಕೆ ನಾನ್-ವಾಲಿ ಝೋನ್ ಎಂದು ಹೆಸರು. ಆಡುವವರೆಲ್ಲ ಕರೆಯುವುದು ಕಿಚನ್ ಎಂದೇ. ಅದರ ಸುತ್ತಲಿನ ಲೈನ್‌ಗಳೂ ಕಿಚನ್‌ಗೇ ಸೇರಿದವು, ಹಾಗಾಗಿ ಲೈನ್ ಮುಟ್ಟಿದರೆ ಒಳಗೆ ಕಾಲಿಟ್ಟ ಹಾಗೆಯೇ ಲೆಕ್ಕ. ವಾಲಿ ಅಂದರೆ ಚೆಂಡು ನೆಲಕ್ಕೆ ಬಿದ್ದು ಪುಟಿಯುವ ಮೊದಲೇ ಗಾಳಿಯಲ್ಲೇ ಹೊಡೆಯುವುದು. ನಿಯಮ ಹೇಳುವುದು ಇಷ್ಟೇ: ವಾಲಿ ಹೊಡೆಯುವಾಗ ನೀವಾಗಲಿ, ನಿಮಗೆ ತಾಗಿಕೊಂಡಿರುವ ಯಾವುದೇ ವಸ್ತುವಾಗಲಿ ಕಿಚನ್ ಮುಟ್ಟಬಾರದು.

ಯಾಕೆ ಹೀಗೊಂದು ಗೆರೆ? ಇದಕ್ಕೆ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ನನಗೆ ಈ ಆಟ ಅರ್ಥವಾಗಿದ್ದೇ ಈ ಲೆಕ್ಕದಿಂದ. ಚೆಂಡು ನೇರ ಗೆರೆಯಲ್ಲಿ ಹೋಗುತ್ತದೆ ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ನಿಜಕ್ಕೂ ಅದು ತನ್ನ ಭಾರಕ್ಕೆ ಕೆಳಗೆ ಬಾಗುತ್ತದೆ, ಗಾಳಿಯ ತಡೆಯೂ ಇದೆ. ಆದರೆ ಜೋರಾಗಿ ಹೊಡೆದ ಚೆಂಡಿಗೆ ಈ ಲೆಕ್ಕ ಹೆಚ್ಚುಕಡಿಮೆ ಸಾಕು.

ಚೆಂಡು ನೆಲದಿಂದ 40 ಇಂಚು ಎತ್ತರದಲ್ಲಿದೆ, ಅಂದರೆ ನೆಟ್‌ನ ನಡುಭಾಗಕ್ಕಿಂತ ಬರೀ 6 ಇಂಚು ಮೇಲೆ. ಕಿಚನ್ ನಿಯಮ ಇಲ್ಲದಿದ್ದರೆ ನೀವು ನೆಟ್‌ಗೆ ಒಂದೇ ಅಡಿ ದೂರದಲ್ಲಿ ನಿಂತು ಅದನ್ನು ಹೊಡೆಯಬಹುದಿತ್ತು. ಆ ಒಂದು ಅಡಿಯಲ್ಲಿ ಚೆಂಡು 6 ಇಂಚು ಇಳಿದು ನೆಟ್ ಸವರಿಕೊಂಡು ಹೋಗುತ್ತದೆ. ಅದೇ ಇಳಿಜಾರಿನಲ್ಲಿ ಮುಂದುವರಿದರೆ ನೆಟ್‌ನ ಆಚೆ ಆರು ಅಡಿಯೊಳಗೇ ನೆಲ ಮುಟ್ಟುತ್ತದೆ. ಎಷ್ಟು ಜೋರಾಗಿ ಬೇಕಾದರೂ ಹೊಡೆಯಬಹುದು, ಹೊರಗೆ ಹೋಗುವ ಮಾತೇ ಇಲ್ಲ. ಎದುರಿಗಿರುವವರಿಗೆ ಅದನ್ನು ಎತ್ತಲು ಸಮಯವೂ ಇಲ್ಲ.

ಈಗ ಅದೇ ಚೆಂಡನ್ನು, ಅದೇ ಎತ್ತರದಲ್ಲಿ, 7 ಅಡಿ ಹಿಂದೆ ನಿಂತು ಹೊಡೆಯಿರಿ. ನೆಟ್ ದಾಟಬೇಕಾದರೆ ಆ 7 ಅಡಿಯಲ್ಲಿ ಅದು 6 ಇಂಚಿಗಿಂತ ಜಾಸ್ತಿ ಇಳಿಯುವ ಹಾಗಿಲ್ಲ. ಅದೇ ಇಳಿಜಾರಿನಲ್ಲಿ ಹೋದರೆ ನೆಲ ಸಿಗುವುದು ನೆಟ್‌ನ ಆಚೆ ಸುಮಾರು 40 ಅಡಿ ದೂರದಲ್ಲಿ. ಆದರೆ ಆ ಕಡೆ ಇರುವ ಕೋರ್ಟೇ 22 ಅಡಿ! ಅಂದರೆ ಜೋರಾಗಿ ಹೊಡೆದರೆ ಚೆಂಡು ಹೊರಗೆ ಹೋಗುತ್ತದೆ. ಒಳಗೆ ಬೀಳಿಸಬೇಕಾದರೆ ಜೋರು ಕಡಿಮೆ ಮಾಡಲೇಬೇಕು, ಇಲ್ಲವೇ ಚೆಂಡಿಗೆ ಮುಂದಕ್ಕೆ ತಿರುಗುವ ಸ್ಪಿನ್ ಕೊಟ್ಟು ಬೇಗ ಇಳಿಯುವಂತೆ ಮಾಡಬೇಕು.

ಇನ್ನೂ ಎತ್ತರದ ಚೆಂಡಾದರೆ? ಆರು ಅಡಿ ಎತ್ತರದಲ್ಲಿ ಸಿಕ್ಕರೆ 7 ಅಡಿ ಹಿಂದಿನಿಂದ ಹೊಡೆದರೂ ಅದು ನೆಟ್‌ನ ಆಚೆ ಆರೂಕಾಲು ಅಡಿಯ ಆಸುಪಾಸಿನಲ್ಲಿ ಬೀಳುವಷ್ಟು ಕಡಿದಾಗಿ ಇಳಿಯಬಲ್ಲದು. ಅಂದರೆ ತಲೆಯ ಮೇಲೆ ಬಂದ ಚೆಂಡನ್ನು ಬಡಿಯುವ ಹಕ್ಕನ್ನು ಕಿಚನ್ ನಿಯಮ ಕಿತ್ತುಕೊಂಡಿಲ್ಲ. ಅದು ಕಾಪಾಡುವುದು ತಗ್ಗಿನ ಚೆಂಡನ್ನು. ನೀವು ಜಾಣತನದಿಂದ ನೆಟ್‌ಗೆ ತಾಗಿದ ಹಾಗೆ ತಗ್ಗಿನಲ್ಲಿ ಚೆಂಡು ಕಳಿಸಿದರೆ ಅದಕ್ಕೆ ಶಿಕ್ಷೆ ಆಗದಂತೆ ನೋಡಿಕೊಳ್ಳುತ್ತದೆ. ಸೋಮಾರಿತನದಿಂದ ಎತ್ತರಕ್ಕೆ ಎತ್ತಿಕೊಟ್ಟರೆ ಕಾಪಾಡುವುದಿಲ್ಲ. ಡಿಂಕ್ ಎಂಬ ಹೊಡೆತ ಬದುಕಿರುವುದೇ ಇದರಿಂದ. ಎದುರಾಳಿಯ ಕಿಚನ್ ಒಳಗೆ ಮೆತ್ತಗೆ ಬೀಳಿಸಿದ ಚೆಂಡಿಗೆ ಲೈನ್‌ನ ಹಿಂದಿನಿಂದ ಕೈ ಎಟುಕದಿದ್ದರೆ ಅವರು ಅದು ಪುಟಿಯುವವರೆಗೂ ಕಾಯಬೇಕು. ಪ್ಲಾಸ್ಟಿಕ್ ಚೆಂಡು ಜಾಸ್ತಿ ಎತ್ತರ ಪುಟಿಯುವುದಿಲ್ಲ. ಆಗ ಅವರು ಕೆಳಗಿನಿಂದ ಮೇಲಕ್ಕೇ ಹೊಡೆಯಬೇಕು. ಕೆಳಗಿನಿಂದ ಮೇಲಕ್ಕೆ ಹೊಡೆಯುವವರು ಬಡಿಯಲಾರರು.

1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಡ್ಜ್ ದ್ವೀಪದಲ್ಲಿ ಈ ಆಟ ಶುರುವಾದಾಗ ನೆಟ್ ಬ್ಯಾಡ್ಮಿಂಟನ್ ಎತ್ತರದಲ್ಲಿ, ಅಂದರೆ 60 ಇಂಚಿನಲ್ಲಿ ಇತ್ತು. ಆಮೇಲೆ ಅದನ್ನು 36 ಇಂಚಿಗೆ ಇಳಿಸಿದರು. ನೆಟ್ ಇಷ್ಟು ತಗ್ಗಾದ ಮೇಲೆ ಅದರ ಪಕ್ಕದಲ್ಲೇ ನಿಂತು ಬಡಿಯುವುದನ್ನು ತಡೆಯುವ ಗೆರೆ ಇಲ್ಲದೆ ಆಟ ನಡೆಯುವುದಿಲ್ಲ ಎಂಬುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಸರಿ, ಈಗ ಆ ಬೆರಳು ಲೈನ್ ಮುಟ್ಟಿದ ವಿಷಯಕ್ಕೆ ಬರೋಣ. ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ. ಕಿಚನ್ ಅಂದರೆ ನೆಲ ಮಾತ್ರ. ಅದರ ಮೇಲಿನ ಗಾಳಿ ಕಿಚನ್ ಅಲ್ಲ. ನೀವು ಹೊರಗೆ ನಿಂತು, ಕೈಯನ್ನೂ ಪ್ಯಾಡಲನ್ನೂ ಕಿಚನ್ ಮೇಲೆ ಎಷ್ಟು ಬೇಕಾದರೂ ಚಾಚಿ ವಾಲಿ ಹೊಡೆಯಬಹುದು. "ನಿನ್ನ ಪ್ಯಾಡಲ್ ಕಿಚನ್ ಒಳಗಿತ್ತು" ಎಂದು ಯಾರಾದರೂ ಪಾಯಿಂಟ್ ಕೇಳಿದರೆ ಕೊಡಬೇಡಿ. ಪ್ಯಾಡಲ್ ನೆಲಕ್ಕೆ ತಾಗಿದ್ದರೆ ಮಾತ್ರ ಫಾಲ್ಟ್.

ಗಾಳಿ ಮುಕ್ತ ಅಂದಾಗ ತಕ್ಷಣ ಒಂದು ಕಳ್ಳದಾರಿ ಕಾಣುತ್ತದೆ. ಲೈನ್‌ನ ಹಿಂದಿನಿಂದ ಮುಂದಕ್ಕೆ ಹಾರಿ, ಗಾಳಿಯಲ್ಲಿದ್ದಾಗಲೇ ನೆಟ್‌ನ ಹತ್ತಿರ ಚೆಂಡನ್ನು ಬಡಿದು, ಆಮೇಲೆ ಕಿಚನ್ ಒಳಗೆ ಇಳಿದರೆ? ಹೊಡೆಯುವ ಕ್ಷಣದಲ್ಲಿ ಕಾಲು ಕಿಚನ್ ಮುಟ್ಟಿರಲಿಲ್ಲ. ಮೂರು ನಾಲ್ಕು ಅಡಿ ಹಾರಿ, ಕೈ ಪೂರ್ತಿ ಚಾಚಿದರೆ ನೆಟ್‌ನ ತುದಿಗೇ ಪ್ಯಾಡಲ್ ಎಟುಕುತ್ತದೆ. ಹೀಗೆ ಬಿಟ್ಟರೆ 7 ಅಡಿಯ ಗೆರೆ ಎಳೆದು ಏನೂ ಉಪಯೋಗವಿಲ್ಲ. ಆ ದಾರಿ ಮುಚ್ಚಲಿಕ್ಕೇ ರಭಸದ ನಿಯಮ ಇರುವುದು. ವಾಲಿ ಎಂದರೆ ಪ್ಯಾಡಲ್ ಚೆಂಡಿಗೆ ತಾಗುವ ಆ ಒಂದು ಕ್ಷಣ ಅಷ್ಟೇ ಅಲ್ಲ. ಪ್ಯಾಡಲ್ ಬೀಸುವುದು, ಹೊಡೆದ ಮೇಲೆ ಅದು ಮುಂದುವರಿಯುವುದು, ಆ ಹೊಡೆತದ ರಭಸಕ್ಕೆ ನಿಮ್ಮ ಮೈ ಮುಂದಕ್ಕೆ ಹೋಗುವುದು, ಎಲ್ಲವೂ ಸೇರಿ ಒಂದು ವಾಲಿ. ಅದು ಮುಗಿಯುವವರೆಗೂ ಕಿಚನ್ ಮುಟ್ಟುವ ಹಾಗಿಲ್ಲ. ಅಷ್ಟರಲ್ಲಿ ಚೆಂಡು ಎರಡು ಸಲ ಪುಟಿದಿರಲಿ, ಹೊರಗೆ ಹೋಗಿರಲಿ, ಲೆಕ್ಕಕ್ಕಿಲ್ಲ. ಮೊದಲಿನ ಉದಾಹರಣೆಯಲ್ಲಿ ಚೆಂಡು ಸತ್ತಿತ್ತು, ಆದರೆ ನಿಮ್ಮ ವಾಲಿ ಇನ್ನೂ ನಡೆಯುತ್ತಿತ್ತು. ಅದಕ್ಕೇ ಪಾಯಿಂಟ್ ಹೋಯಿತು.

ಹಾಗಾದರೆ ರಭಸ ಎಲ್ಲಿಗೆ ಮುಗಿಯಿತು ಎಂದು ಹೇಳುವುದು ಹೇಗೆ? ಮೈ ಹತೋಟಿಗೆ ಬಂದಿರಬೇಕು, ಮುಂದಕ್ಕೆ ತಳ್ಳುವ ವೇಗ ನಿಂತಿರಬೇಕು. ನೀವು ಹೊಡೆದು, ಲೈನ್‌ನ ಹಿಂದೆ ಗಟ್ಟಿಯಾಗಿ ನಿಂತು, ಆಮೇಲೆ ಬೇಕೆಂದೇ ಕಿಚನ್ ಒಳಗೆ ನಡೆದು ಹೋದರೆ ತಪ್ಪಿಲ್ಲ. ತುದಿಗಾಲಲ್ಲಿ ನಿಂತು ಎರಡು ಕೈಯನ್ನೂ ಗಾಳಿಯಲ್ಲಿ ತಿರುಗಿಸುತ್ತಾ ಬೀಳದಿರಲು ಒದ್ದಾಡಿ, ಕೊನೆಗೆ ಒಂದು ಹೆಜ್ಜೆ ಒಳಗಿಟ್ಟರೆ ಅದು ಫಾಲ್ಟ್. ನೋಡುವವರಿಗೆ ಸಾಮಾನ್ಯವಾಗಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಇದಕ್ಕೆ ಉಲ್ಟಾ ಇನ್ನೊಂದು ಕಳ್ಳದಾರಿ ಇದೆ. ಕಿಚನ್ ಒಳಗೆ ನಿಂತಿದ್ದೀರಿ, ಚೆಂಡು ಬರುತ್ತಿದೆ, ಅಲ್ಲಿಂದಲೇ ಮೇಲಕ್ಕೆ ಹಾರಿ ಗಾಳಿಯಲ್ಲಿ ಹೊಡೆದು ಲೈನ್‌ನ ಹೊರಗೆ ಇಳಿದರೆ? ಇದನ್ನೂ ಮುಚ್ಚಿದ್ದಾರೆ. ಒಮ್ಮೆ ಕಿಚನ್ ಮುಟ್ಟಿದ ಮೇಲೆ, ಎರಡೂ ಕಾಲು ಕಿಚನ್‌ನ ಪೂರ್ತಿ ಹೊರಗೆ ನೆಲ ಮುಟ್ಟುವವರೆಗೆ ವಾಲಿ ಹೊಡೆಯುವ ಹಾಗಿಲ್ಲ. ಎರಡೂ ಕಾಲು. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಾನು ನೋಡಿದ ಮಟ್ಟಿಗೆ ಹೊಸಬರು ಗೊತ್ತೇ ಆಗದೆ ಜಾಸ್ತಿ ಮಾಡುವ ಫಾಲ್ಟ್ ಇದೇ.

ಅದು ಹೀಗೆ ಆಗುತ್ತದೆ. ಎದುರಾಳಿ ಡಿಂಕ್ ಹಾಕುತ್ತಾರೆ. ನೀವು ಎರಡೂ ಕಾಲು ಕಿಚನ್ ಒಳಗಿಟ್ಟು, ಪುಟಿದ ಚೆಂಡನ್ನು ವಾಪಸ್ ಕಳಿಸುತ್ತೀರಿ. ಇಲ್ಲಿಯವರೆಗೆ ಏನೂ ತಪ್ಪಿಲ್ಲ. ಆದರೆ ಹೊಡೆದ ಚೆಂಡು ಎಲ್ಲಿ ಬಿತ್ತು ಎಂದು ನೋಡುತ್ತಾ ಅಲ್ಲೇ ನಿಂತುಬಿಡುತ್ತೀರಿ. ಮುಂದಿನ ಚೆಂಡು ಸೀದಾ ಎದೆಗೆ ಬರುತ್ತದೆ. ಗಾಬರಿಯಲ್ಲಿ ಒಂದು ಕಾಲು ಹಿಂದಕ್ಕೆ ಹೋಗುತ್ತದೆ, ಇನ್ನೊಂದು ಇನ್ನೂ ಲೈನ್ ಮೇಲೆಯೇ ಇರುವಾಗ ಕೈ ತಾನಾಗಿ ಪ್ಯಾಡಲ್ ಎತ್ತಿ ತಡೆಯುತ್ತದೆ. ಚೆಂಡು ಚೆನ್ನಾಗಿಯೇ ಹೋಯಿತು, ಆದರೆ ಪಾಯಿಂಟ್ ಹೋಯಿತು. ಚುರುಕು ಎದುರಾಳಿಗಳು ಇದನ್ನೇ ಕಾಯುತ್ತಾರೆ. ನೀವು ಕಿಚನ್ ಒಳಗೆ ಸಿಕ್ಕಿಬಿದ್ದಿದ್ದು ಕಂಡ ಕೂಡಲೇ ಮುಂದಿನ ಚೆಂಡನ್ನು ನಿಮ್ಮ ಮೈಗೇ ಕಳಿಸುತ್ತಾರೆ. ಅದನ್ನು ಮುಟ್ಟಿದರೆ ಫಾಲ್ಟ್, ಬಿಟ್ಟರೆ ಬಟ್ಟೆಗೆ ತಾಗಿದರೂ ಪಾಯಿಂಟ್ ಅವರಿಗೇ.

ಇದಕ್ಕೆ ಸುಲಭದ ದಾರಿ ಒಂದಿದೆ. ಡಿಂಕ್ ತೆಗೆಯಲು ಸಾಧ್ಯವಾದಷ್ಟೂ ಒಂದೇ ಕಾಲನ್ನು ಒಳಗಿಡಿ. ಇನ್ನೊಂದು ಕಾಲು ಲೈನ್‌ನ ಹಿಂದೆ ನೆಟ್ಟಂತೆ ಇರಲಿ. ಹೊಡೆದ ತಕ್ಷಣ ಮುಂದಿನ ಕಾಲಿನಿಂದ ನೆಲವನ್ನು ಒತ್ತಿ ಹಿಂದಕ್ಕೆ ಬನ್ನಿ. ಒಂದೇ ಕಾಲು ವಾಪಸ್ ಬರಬೇಕಾದ್ದರಿಂದ ಅರ್ಧ ಸಮಯ ಸಾಕು. ಮೈ ಕೂಡ ಹಿಂದಿನ ಕಾಲಿನ ಮೇಲೇ ಕೂತಿರುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ, ಕಿಚನ್ ಒಳಗೆ ಕಾಲಿಡುವುದೇ ತಪ್ಪು ಎಂಬುದು. ಹಾಗೇನಿಲ್ಲ. ಯಾವಾಗ ಬೇಕಾದರೂ ಹೋಗಬಹುದು, ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ಚೆಂಡು ಪುಟಿಯುವ ಮೊದಲೇ ಒಳಗೆ ಹೋಗಿ ಕಾಯಬಹುದು. ವಾಲಿ ಹೊಡೆಯಬಾರದು, ಅಷ್ಟೇ. ಪುಟಿದ ಚೆಂಡು ಕಿಚನ್ ಒಳಗೇ ಬಿದ್ದಿರಬೇಕು ಎಂದೂ ಇಲ್ಲ. ಅದು ಕೋರ್ಟಿನ ಯಾವ ಭಾಗದಲ್ಲಿ ಪುಟಿದಿದ್ದರೂ ನೀವು ಕಿಚನ್ ಒಳಗೆ ನಿಂತು ಹೊಡೆಯಬಹುದು. ಪುಟಿದ ಮರುಕ್ಷಣವೇ, ನೆಲದಿಂದ ಎರಡು ಇಂಚು ಏಳುವಷ್ಟರಲ್ಲಿ ಹೊಡೆದರೂ ಅದು ವಾಲಿ ಅಲ್ಲ. ಈ ತಿಳುವಳಿಕೆ ಇಲ್ಲದವರು ಕಿಚನ್ ಕಡೆ ಬಂದ ಮೆತ್ತನೆಯ ಚೆಂಡಿಗೆ ಲೈನ್‌ನ ಹಿಂದೆಯೇ ನಿಂತು ಬಗ್ಗಿ ಕೈ ಚಾಚುತ್ತಾರೆ. ಬೆನ್ನಿಗೂ ನೋವು, ಚೆಂಡೂ ನೆಟ್‌ಗೆ. ಒಂದು ಹೆಜ್ಜೆ ಒಳಗಿಟ್ಟಿದ್ದರೆ ಆರಾಮಾಗಿ ತೆಗೆಯಬಹುದಿತ್ತು.

ಫಾಲ್ಟ್‌ಗೆ ಹೆದರಿ ಲೈನ್‌ನಿಂದ ಎರಡು ಮೂರು ಅಡಿ ಹಿಂದೆ ನಿಲ್ಲುವವರೂ ಇದ್ದಾರೆ. ಇದು ಫಾಲ್ಟ್ ಅಲ್ಲ, ಆದರೆ ನನ್ನ ಪ್ರಕಾರ ಫಾಲ್ಟ್‌ಗಿಂತ ಜಾಸ್ತಿ ನಷ್ಟ ಮಾಡುತ್ತದೆ. ಅಲ್ಲಿ ನಿಂತವರಿಗೆ ಎದುರಾಳಿ ನೇರವಾಗಿ ಕಾಲಿನ ಬಳಿಗೇ ಹೊಡೆಯಬಹುದು. ಲೈನ್ ಹತ್ತಿರ ನಿಂತಿದ್ದರೆ ಅದೇ ಚೆಂಡು ಇನ್ನೂ ಎತ್ತರದಲ್ಲಿದ್ದಾಗಲೇ ವಾಲಿಗೆ ಸಿಗುತ್ತಿತ್ತು. ಪಾದದ ತುದಿಗೂ ಲೈನ್‌ಗೂ ನಡುವೆ ಎರಡು ಮೂರು ಇಂಚು ಜಾಗ ಇದ್ದರೆ ಸಾಕು. ಮಂಡಿ ಸ್ವಲ್ಪ ಮಡಿಸಿ, ಪ್ಯಾಡಲ್ ಎದೆಯ ಮುಂದೆ ಹಿಡಿದು, ವಾಲಿಯನ್ನು ಪೂರ್ತಿ ತೋಳು ಬೀಸಿ ಹೊಡೆಯದೆ ಚಿಕ್ಕದಾಗಿ ತಳ್ಳಿದ ಹಾಗೆ ಹೊಡೆದರೆ ಮೈ ಮುಂದಕ್ಕೆ ಹೋಗುವುದೇ ಇಲ್ಲ. ರಭಸದ ಫಾಲ್ಟ್ ಹುಟ್ಟುವುದು ಕಾಲಿನಲ್ಲಿ ಅಲ್ಲ, ಉದ್ದಕ್ಕೆ ಬೀಸಿದ ತೋಳಿನಲ್ಲಿ.

ಡಬಲ್ಸ್‌ನಲ್ಲಿ ಪಾರ್ಟ್‌ನರ್ ವಿಷಯವೂ ಇದೆ. ನಿಮ್ಮ ಪಾರ್ಟ್‌ನರ್ ಕಿಚನ್ ಒಳಗೆ ನಿಂತಿದ್ದರೂ ನೀವು ಹೊರಗಿನಿಂದ ವಾಲಿ ಹೊಡೆಯಬಹುದು. ಆದರೆ ಆ ರಭಸದಲ್ಲಿ ಹೋಗಿ ಅವರಿಗೆ ತಾಗಿದರೆ ಫಾಲ್ಟ್, ಯಾಕೆಂದರೆ ಅವರು ಕಿಚನ್ ಮುಟ್ಟಿಕೊಂಡಿದ್ದಾರೆ, ನೀವು ಅವರನ್ನು ಮುಟ್ಟಿದ್ದೀರಿ. ಅವರು ಹೊರಗೆ ನಿಂತು, ಒಳಗೆ ಬೀಳುತ್ತಿರುವ ನಿಮ್ಮ ಅಂಗಿ ಹಿಡಿದು ಹಿಂದಕ್ಕೆ ಎಳೆದರೆ ಅದು ಸರಿ. ವಾಲಿ ಹೊಡೆಯುವಾಗ ನಿಮ್ಮ ಟೋಪಿಯೋ ಕನ್ನಡಕವೋ ಜಾರಿ ಕಿಚನ್ ಒಳಗೆ ಬಿದ್ದರೆ ಅದೂ ಫಾಲ್ಟೇ. ಬಿಸಿಲಲ್ಲಿ ಆಡುವವರು ಟೋಪಿ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಸರ್ವ್‌ನಲ್ಲಿ ಮಾತ್ರ ಕಿಚನ್‌ಗೆ ಬೇರೆ ಕೆಲಸ. ಸರ್ವ್ ಮಾಡಿದ ಚೆಂಡು ಕಿಚನ್ ದಾಟಿ ಬೀಳಬೇಕು. ಕಿಚನ್ ಲೈನ್ ಮೇಲೆ ಬಿದ್ದರೂ ಅದು ಫಾಲ್ಟ್. ಕೋರ್ಟಿನ ಬೇರೆ ಲೈನ್‌ಗಳ ಮೇಲೆ ಬಿದ್ದ ಸರ್ವ್ ಒಳಗೆ ಎಂದೇ ಲೆಕ್ಕ. ಇದು ಗೊಂದಲ ಮಾಡುತ್ತದೆ, ಆದರೆ ಲೈನ್ ಕಿಚನ್‌ಗೇ ಸೇರಿದ್ದು ಎಂದು ನೆನಪಿಟ್ಟುಕೊಂಡರೆ ಸಾಕು.

ಈ ನಿಯಮದ ತರ್ಕ ಪೂರ್ತಿ ಹಿಡಿದವರು ಆಡುವ ಒಂದು ಹೊಡೆತ ಇದೆ, ಅರ್ನಿ ಎಂದು ಹೆಸರು. ಅರ್ನಿ ಪೆರಿ ಎಂಬ ಆಟಗಾರನ ಹೆಸರು ಅದಕ್ಕೆ ಬಂದಿದೆ. ಕಿಚನ್ ಇರುವುದು ಎರಡು ಬದಿಯ ಲೈನ್‌ಗಳ ನಡುವೆ ಮಾತ್ರ. ಬದಿಯ ಲೈನ್‌ನ ಆಚೆ, ಕೋರ್ಟಿನ ಹೊರಗಿನ ನೆಲ ಕಿಚನ್ ಅಲ್ಲ. ಅಲ್ಲಿ ನೆಟ್‌ನ ಪಕ್ಕದಲ್ಲೇ ನಿಂತರೂ ಯಾರೂ ಕೇಳುವ ಹಾಗಿಲ್ಲ. ಎದುರಾಳಿ ಬದಿಯ ಲೈನ್ ಉದ್ದಕ್ಕೂ ಡಿಂಕ್ ಹಾಕುತ್ತಾರೆ ಎಂದು ಮೊದಲೇ ಊಹಿಸಿದ ಆಟಗಾರ ಕಿಚನ್‌ನ ಮೂಲೆಯ ಮೇಲಿಂದ ಹಾರಿ, ಗಾಳಿಯಲ್ಲೇ ಚೆಂಡನ್ನು ಬಡಿದು, ಬದಿಯ ಲೈನ್‌ನ ಆಚೆ ಇಳಿಯುತ್ತಾನೆ. ಹೊರಗಿನಿಂದ ಹಾರಿದ, ಗಾಳಿ ಮುಕ್ತ, ಇಳಿದದ್ದೂ ಹೊರಗೆ. ಮೂರೂ ಸರಿ ಇದ್ದುದರಿಂದ ಪಾಯಿಂಟ್ ಅವನದು. ಕಿಚನ್ ಮೂಲಕ ಓಡಿ ಹೋಗಿಯೂ ಇದನ್ನು ಮಾಡಬಹುದು, ಆದರೆ ಆಗ ಎರಡೂ ಕಾಲು ಹೊರಗೆ ನೆಲ ಮುಟ್ಟಿದ ಮೇಲೆಯೇ ಹೊಡೆಯಬೇಕು. ಒಂದು ಎಚ್ಚರಿಕೆ: ಚೆಂಡು ನೆಟ್ ದಾಟಿ ನಿಮ್ಮ ಕಡೆಗೆ ಬರುವ ಮೊದಲೇ ಅದನ್ನು ಮುಟ್ಟುವ ಹಾಗಿಲ್ಲ. ಹೊಡೆದ ಮೇಲೆ ಪ್ಯಾಡಲ್ ನೆಟ್‌ನ ಆಚೆ ಹೋದರೆ ಪರವಾಗಿಲ್ಲ, ನೆಟ್‌ಗೆ ತಾಗಬಾರದು.

ಅಂಪೈರ್ ಇಲ್ಲದ ಆಟದಲ್ಲಿ ಇದನ್ನೆಲ್ಲ ನೋಡುವವರು ಯಾರು? ನಿಮ್ಮ ಫಾಲ್ಟ್ ನಿಮಗೆ ಗೊತ್ತಾದರೆ ನೀವೇ ಹೇಳಬೇಕು. ಎದುರಾಳಿಯೂ ನಿಮ್ಮ ಕಿಚನ್ ಫಾಲ್ಟ್ ಕೂಗಬಹುದು. ಒಪ್ಪಿಗೆ ಆಗದಿದ್ದರೆ ಆ ರ‍್ಯಾಲಿಯನ್ನು ಮತ್ತೆ ಆಡುತ್ತಾರೆ. ಕಷ್ಟ ಏನೆಂದರೆ, ಹೊಡೆಯುವವನ ಕಣ್ಣು ಚೆಂಡಿನ ಮೇಲೆ ಇರುತ್ತದೆ, ತನ್ನ ಪಾದ ಎಲ್ಲಿದೆ ಎಂದು ಅವನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಅದಕ್ಕೆ ಅಭ್ಯಾಸದ ದಿನ ಒಬ್ಬರನ್ನು ಕಿಚನ್ ಲೈನ್‌ನ ನೇರಕ್ಕೆ, ಕೋರ್ಟಿನ ಹೊರಗೆ ಪಕ್ಕದಲ್ಲಿ ನಿಲ್ಲಿಸಿ. ಚೆಂಡನ್ನು ನೋಡಲೇಬಾರದು, ಪಾದ ಮಾತ್ರ ನೋಡಬೇಕು ಎಂದು ಹೇಳಿ. ನೀವು ಪ್ರತಿ ವಾಲಿ ಹೊಡೆದ ಮೇಲೂ ಇದ್ದ ಹಾಗೆಯೇ ನಿಂತು ಮನಸ್ಸಿನಲ್ಲಿ ಎರಡು ಎಣಿಸಿ. ನಿಲ್ಲಲು ಆಗದೆ ಮುಂದಕ್ಕೆ ಹೆಜ್ಜೆ ಬಿದ್ದರೆ, ಲೈನ್ ಮುಟ್ಟದಿದ್ದರೂ ಆ ಹೊಡೆತ ಲೆಕ್ಕಕ್ಕಿಲ್ಲ ಎಂದು ಇಟ್ಟುಕೊಳ್ಳಿ. ಇಪ್ಪತ್ತು ವಾಲಿಯಲ್ಲಿ ಎಷ್ಟು ಸಲ ಹೆಜ್ಜೆ ಬಿತ್ತು ಎಂದು ಪಕ್ಕದಲ್ಲಿ ನಿಂತವರು ಹೇಳಲಿ, ಆಮೇಲೆ ತೋಳಿನ ಬೀಸು ಅರ್ಧ ಮಾಡಿ ಇನ್ನೂ ಇಪ್ಪತ್ತು ಹೊಡೆದು ನೋಡಿ.